ಸ್ಕ್ವಾಟ್‌ಗೆ ಯಾವ ಶೂ?

ಹೆಗಲ ಮೇಲೆ ಬಾರ್‌ಬೆಲ್ ಹೊತ್ತು ಕುಳಿತು ಏಳುವ ಸ್ಕ್ವಾಟ್‌ನಲ್ಲಿ ಇಡೀ ದೇಹಕ್ಕೂ ಬಾರ್‌ಗೂ ನೆಲದೊಂದಿಗೆ ಇರುವ ಸಂಪರ್ಕ ಎರಡು ಅಂಗಾಲುಗಳಷ್ಟೇ. ಕೆಳಗಿಳಿಯುವಾಗಲೂ ಮೇಲೇಳುವಾಗಲೂ ದೇಹ ಮತ್ತು ಬಾರ್ ಎರಡರ ಒಟ್ಟು ಭಾರ ಪಾದದ ನಡುಭಾಗದ ನೇರಕ್ಕೆ, ಅಂದರೆ ಹೆಚ್ಚುಕಡಿಮೆ ಶೂ ಲೇಸಿನ ಗಂಟಿನ ಕೆಳಕ್ಕೆ ಬೀಳುತ್ತಿರಬೇಕು. ಅದು ಬೆರಳುಗಳ ಕಡೆ ಸರಿದರೆ ಹಿಮ್ಮಡಿ ಏಳುತ್ತದೆ, ಹಿಂದಕ್ಕೆ ಸರಿದರೆ ಮೈ ಹಿಂದೆ ಮಗುಚುತ್ತದೆ. ಈ ಸಮತೋಲವನ್ನು ಕಾಯುವುದು ಪಾದದ ಮೂರು ಊರುಗೋಲುಗಳು: ಹಿಮ್ಮಡಿ, ಹೆಬ್ಬೆರಳ ಬುಡ ಮತ್ತು ಕಿರುಬೆರಳ ಬುಡ. ಮೂರೂ ಕಡೆ ನೆಲ ಗಟ್ಟಿಯಾಗಿ ಸಿಕ್ಕಿದರೆ ಎಲ್ಲಿ ಎಷ್ಟು ಒತ್ತಬೇಕೆಂದು ಕಾಲಿಗೆ ತಾನಾಗಿ ತಿಳಿಯುತ್ತದೆ. ಸ್ಕ್ವಾಟ್ ಮಾಡುವವರು ಶೂಗಳಿಂದ ಕೇಳಬೇಕಾದದ್ದು ಮುಖ್ಯವಾಗಿ ಇದನ್ನೇ.

ಜಿಮ್‌ಗೆ ಹೊಸದಾಗಿ ಸೇರಿದವರ ಕಾಲಲ್ಲಿ ಸಾಮಾನ್ಯವಾಗಿ ಇರುವುದು ಓಟದ ಶೂ. ಅದರ ಅಟ್ಟೆಯ ಬಹುಪಾಲು ಇವಿಎ ಎಂಬ ಹಗುರವಾದ ಫೋಮ್, ಅಥವಾ ಅದಕ್ಕಿಂತ ಮೆತ್ತನೆಯ ಈಚಿನ ಫೋಮ್‌ಗಳು. ಒಳಗೆಲ್ಲ ಪುಟ್ಟ ಪುಟ್ಟ ಗಾಳಿಗುಳ್ಳೆಗಳಿರುವ ಈ ವಸ್ತು ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಮರಳಿ ಉಬ್ಬುತ್ತದೆ. ಹಿಮ್ಮಡಿಯ ಕೆಳಗೆ ಅದರ ದಪ್ಪ 30 ಮಿ.ಮೀ. ಇರುವುದು ಸಾಮಾನ್ಯ. ಕೆಲವು ಶೂಗಳಲ್ಲಿ ಅದು 40 ಮಿ.ಮೀ.ವರೆಗೂ ಹೋಗುತ್ತದೆ. ಮುಂಭಾಗದಲ್ಲಿ ದಪ್ಪ ಕಡಿಮೆ. ಹಿಮ್ಮಡಿಗೂ ಮುಂಭಾಗಕ್ಕೂ ಇರುವ ಈ ಎತ್ತರದ ವ್ಯತ್ಯಾಸವನ್ನು ಶೂ ವ್ಯಾಪಾರದಲ್ಲಿ ‘ಡ್ರಾಪ್’ ಎನ್ನುತ್ತಾರೆ. ಓಟದ ಹಲವು ಶೂಗಳಲ್ಲಿ ಅದು 8ರಿಂದ 12 ಮಿ.ಮೀ. ಇರುತ್ತದೆ. ಸ್ಕ್ವಾಟ್‌ನ ವಿಷಯದಲ್ಲಿ ಈ ಡ್ರಾಪ್ ಒಂದು ಗುಟ್ಟಾದ ಪಾತ್ರ ವಹಿಸುತ್ತದೆ, ಅದು ಮುಂದೆ ಬರುತ್ತದೆ.

ಫೋಮ್ ಕೆಟ್ಟದ್ದೇನಲ್ಲ, ಅದು ಬೇರೆ ಕೆಲಸಕ್ಕೆ ಹುಟ್ಟಿದ್ದು. ಓಡುವಾಗ ಪ್ರತಿ ಹೆಜ್ಜೆಗೂ ಒಂದೇ ಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಬಲ ಬೀಳುತ್ತದೆ. 70 ಕೆ.ಜಿ. ತೂಕದವರಿಗೆ ಇದು 140ರಿಂದ 210 ಕೆ.ಜಿ.ಯಷ್ಟಾಯಿತು. ಅದೇ ವ್ಯಕ್ತಿ 80 ಕೆ.ಜಿ. ಬಾರ್ ಹೊತ್ತು ನಿಂತರೆ ಒಟ್ಟು 150 ಕೆ.ಜಿ., ಒಂದೊಂದು ಕಾಲಿಗೆ 75. ಹಾಗಾದರೆ ಓಟವೇ ಶೂಗೆ ಹೆಚ್ಚು ಭಾರವಲ್ಲವೇ ಎಂದು ಯಾರಾದರೂ ಕೇಳಬಹುದು. ಭಾರದ ಲೆಕ್ಕದಲ್ಲಿ ಹೌದು, ಆದರೆ ಓಟದಲ್ಲಿ ಪಾದ ನೆಲದ ಮೇಲಿರುವುದು ಸುಮಾರು ಕಾಲು ಸೆಕೆಂಡು ಮಾತ್ರ. ಅಟ್ಟೆ ಸ್ವಲ್ಪ ವಾಲಿದರೂ ಅಷ್ಟರಲ್ಲಿ ಪಾದ ಅಲ್ಲಿಂದ ಎದ್ದು ಹೋಗಿರುತ್ತದೆ. ಸ್ಕ್ವಾಟ್‌ನಲ್ಲಿ ಒಂದು ಸಲ ಕುಳಿತೇಳಲು ಮೂರು ನಾಲ್ಕು ಸೆಕೆಂಡು ಬೇಕು, ಹಾಗೆ ಐದಾರು ಸಲ. ಅಷ್ಟು ಹೊತ್ತೂ ಭಾರ ಇಳಿಯುವುದಿಲ್ಲ, ಅಂಗಾಲಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ತುಸುತುಸುವೇ ಸರಿಯುತ್ತಿರುತ್ತದೆ. ಅದು ಎಲ್ಲಿ ಸರಿದರೆ ಅಲ್ಲಿ ಫೋಮ್ ಇನ್ನಷ್ಟು ಕುಗ್ಗುತ್ತದೆ, ಕುಗ್ಗಿದ ಕಡೆಗೇ ಭಾರ ಮತ್ತಷ್ಟು ಜಾರುತ್ತದೆ.

ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಸರಳ ಲೆಕ್ಕ ಹಾಕಬಹುದು. ಹಿಮ್ಮಡಿಯ ಕೆಳಗೆ ಅಟ್ಟೆಯ ಅಗಲ 60 ಮಿ.ಮೀ. ಎಂದಿಟ್ಟುಕೊಳ್ಳೋಣ. ಭಾರ ಬಿದ್ದಾಗ ಒಳಬದಿಯ ಫೋಮ್ ಹೊರಬದಿಗಿಂತ 4 ಮಿ.ಮೀ. ಹೆಚ್ಚು ಕುಗ್ಗಿತು ಎನ್ನಿ. 60ಕ್ಕೆ 4 ಎಂದರೆ ಹದಿನೈದರಲ್ಲಿ ಒಂದು ಪಾಲು, ಕೋನದಲ್ಲಿ ಸುಮಾರು ನಾಲ್ಕು ಡಿಗ್ರಿ. ಅಂಗಾಲಿನಲ್ಲಿ ಇದು ಗಮನಕ್ಕೂ ಬಾರದ ಓರೆ. ಆದರೆ ಪಾದದ ಕೀಲಿನಿಂದ ಮೊಣಕಾಲಿನವರೆಗೆ 40 ಸೆಂ.ಮೀ. ಉದ್ದದ ಕಾಲು ಇದೆ. ಆ ಓರೆ ಪೂರ್ತಿಯಾಗಿ ಮೇಲಕ್ಕೆ ಸಾಗಿದರೆ ಮೊಣಕಾಲು ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಒಳಕ್ಕೆ ಸರಿಯುತ್ತದೆ. ವಾಸ್ತವದಲ್ಲಿ ಪೂರ್ತಿ ಸಾಗುವುದಿಲ್ಲ, ಪಾದದ ಕೀಲು ಒಂದಿಷ್ಟನ್ನು ನುಂಗಿಕೊಳ್ಳುತ್ತದೆ, ಸೊಂಟದ ಪಕ್ಕದ ಸ್ನಾಯುಗಳು ಮೊಣಕಾಲನ್ನು ಹೊರಕ್ಕೆ ಹಿಡಿದು ಇನ್ನೊಂದಿಷ್ಟನ್ನು ತಡೆಯುತ್ತವೆ. ಆದರೆ ಬಾರ್ ಎತ್ತಬೇಕಾದ ಸ್ನಾಯುಗಳಿಗೆ ಇದು ಹೆಚ್ಚುವರಿ ಕೆಲಸ. ಹಳೆಯ ಶೂನಲ್ಲಿ ಸ್ಥಿತಿ ಇನ್ನೂ ಹದಗೆಟ್ಟಿರುತ್ತದೆ, ಏಕೆಂದರೆ ನೂರಾರು ಕಿಲೋಮೀಟರ್ ಓಡಿದ ಫೋಮ್ ಒಂದು ಬದಿಗೆ ಶಾಶ್ವತವಾಗಿ ಕುಸಿದಿರುತ್ತದೆ.

ಜಿಮ್‌ಗಳಲ್ಲಿ ಇದಕ್ಕೆ ಇನ್ನೊಂದು ವಿವರಣೆಯೂ ಕೇಳಿಬರುತ್ತದೆ: ಮೆತ್ತನೆಯ ಅಟ್ಟೆ ಕಾಲಿನ ಶಕ್ತಿಯನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಕಡಿಮೆ ಭಾರ ಏಳುತ್ತದೆ ಎಂದು. ಇದು ಅರ್ಧ ನಿಜ. ಫೋಮ್ ಒಮ್ಮೆ ಕುಗ್ಗಿ ನಿಂತಮೇಲೆ ಮೇಲಿನಿಂದ ಬಂದ ಬಲವನ್ನು ಪೂರ್ತಿಯಾಗಿ ನೆಲಕ್ಕೆ ದಾಟಿಸುತ್ತದೆ, ಇಲ್ಲದಿದ್ದರೆ ಅದರ ಮೇಲೆ ನಿಲ್ಲಲೇ ಆಗುತ್ತಿರಲಿಲ್ಲ. ನಿಧಾನವಾಗಿ ಮಾಡುವ ಸ್ಕ್ವಾಟ್‌ನಲ್ಲಿ ನಿಜವಾದ ನಷ್ಟ ಬಲದ್ದಲ್ಲ, ಸ್ಥಿರತೆಯದು. ಸ್ನ್ಯಾಚ್, ಜರ್ಕ್‌ಗಳಂಥ ಕ್ಷಣಾರ್ಧದಲ್ಲಿ ಮುಗಿಯುವ ಎತ್ತುಗಳಲ್ಲಿ ಮಾತ್ರ ಈ ಮಾತಿಗೆ ತೂಕ ಬರುತ್ತದೆ. ಅಲ್ಲಿ ಕಾಲು ನೆಲವನ್ನು ಒತ್ತಲು ಸಿಗುವ ಹೊತ್ತೇ ಕಡಿಮೆ, ಅದರಲ್ಲಿ ಒಂದು ಪಾಲು ಫೋಮ್ ಕುಗ್ಗುವುದಕ್ಕೇ ಹೋದರೆ ನಷ್ಟ ಕಣ್ಣಿಗೆ ಕಾಣುತ್ತದೆ.

ಶೂ ತೊಂದರೆ ಕೊಡುತ್ತಿದೆಯೇ ಎಂದು ತಿಳಿಯಲು ಮೊಬೈಲ್ ಸಾಕು. ಅದನ್ನು ನೆಲದ ಮಟ್ಟದಲ್ಲಿ, ಹಿಂದಿನಿಂದ ಹಿಮ್ಮಡಿಗಳು ಕಾಣುವಂತೆ ಇಟ್ಟು ಒಂದು ಸೆಟ್ ವಿಡಿಯೊ ಮಾಡಬೇಕು. ಕೆಳಗಿಳಿದಾಗ ಅಟ್ಟೆಯ ಒಳಬದಿಯ ಫೋಮ್ ನೆರಿಗೆಗಟ್ಟುತ್ತದೆಯೇ, ಹಿಮ್ಮಡಿಯ ಹಿಂಗೋಡೆ ಒಳಕ್ಕೆ ವಾಲುತ್ತದೆಯೇ, ಎರಡು ಪಾದಗಳು ಬೇರೆ ಬೇರೆ ರೀತಿ ವಾಲುತ್ತವೆಯೇ ಎಂದು ನೋಡಬೇಕು. ಮಾಡುವವರಿಗೇ ತಿಳಿಯುವ ಸೂಚನೆಗಳೂ ಇವೆ. ಶೂ ಒಳಗೆ ಬೆರಳುಗಳು ನೆಲವನ್ನು ಪರಚುವಂತೆ ಮಡಚಿಕೊಳ್ಳುವುದು ಅವುಗಳಲ್ಲಿ ಮುಖ್ಯವಾದದ್ದು, ಪಾದ ಆಸರೆ ಹುಡುಕುತ್ತಿದೆ ಎಂದು ಅದರ ಅರ್ಥ. ಬಾರ್ ಹೊತ್ತು ಸ್ಟ್ಯಾಂಡ್‌ನಿಂದ ಹಿಂದೆ ಸರಿದು ನಿಂತಾಗ ಮೈ ಹಿಂದೆಮುಂದೆ ತೂಗುವುದು ಇನ್ನೊಂದು. ಶೂಗಳನ್ನು ಸಮವಾದ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ, ಬರಿದಾಗಿದ್ದಾಗಲೇ ಒಂದು ಕಡೆ ವಾಲಿ ನಿಲ್ಲುವ ಜೋಡಿ ಸ್ಕ್ವಾಟ್‌ಗೆ ಖಂಡಿತ ಒಗ್ಗದು.

ಇದಕ್ಕೆ ಪರ್ಯಾಯವೆಂದರೆ ಚಪ್ಪಟೆಯಾದ, ಗಟ್ಟಿಯಾದ, ತೆಳುವಾದ ಅಟ್ಟೆ. ಬೆಲೆಬಾಳುವ ವಸ್ತುವೇನೂ ಬೇಕಿಲ್ಲ. ಶಾಲೆಯ ಪಿ.ಟಿ. ತರಗತಿಗೆ ಹಾಕುತ್ತಿದ್ದ ಬಿಳಿ ಕ್ಯಾನ್ವಾಸ್ ಶೂನ ಅಟ್ಟೆ ತೆಳುವಾದ ರಬ್ಬರಿನದು, ಹೆಬ್ಬೆರಳಿನಿಂದ ಒತ್ತಿದರೆ ಅಷ್ಟಾಗಿ ಒಳಹೋಗದು. ಪವರ್‌ಲಿಫ್ಟಿಂಗ್ ಲೋಕದಲ್ಲಿ ಹೆಸರಾದ ಕಾನ್ವರ್ಸ್ ಕಂಪನಿಯ ಚಕ್ ಟೇಲರ್ ಶೂ ಕೂಡ ಮೂಲದಲ್ಲಿ ಇಂಥದ್ದೇ. ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆಂದು ಬಂದ ಕ್ಯಾನ್ವಾಸ್ ಶೂ ಅದು, ಭಾರ ಎತ್ತುವವರು ಅದನ್ನು ತಮ್ಮದಾಗಿಸಿಕೊಂಡರು. ಕುಸ್ತಿ ಮತ್ತು ಕಬಡ್ಡಿ ಶೂಗಳೂ ಆಗುತ್ತವೆ. ಕ್ರಾಸ್‌ಫಿಟ್‌ನಂಥ ಮಿಶ್ರ ವ್ಯಾಯಾಮಗಳಿಗೆ ಮಾಡುವ ಟ್ರೇನಿಂಗ್ ಶೂಗಳು ನಡುದಾರಿಯವು: ಅಟ್ಟೆ ಓಟದ ಶೂಗಿಂತ ಗಟ್ಟಿ, ಡ್ರಾಪ್ ಕಡಿಮೆ, ಸ್ವಲ್ಪ ದೂರ ಓಡಿದರೂ ತೊಂದರೆಯಿಲ್ಲ. ಯಾವ ಶೂ ಆದರೂ ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಒಂದೇ. ಹಿಮ್ಮಡಿಯ ಅಟ್ಟೆಯನ್ನು ಹೆಬ್ಬೆರಳಿಂದ ಬಲವಾಗಿ ಒತ್ತಬೇಕು, ಆಮೇಲೆ ಹಾಕಿಕೊಂಡು ಒಂಟಿ ಕಾಲಲ್ಲಿ ಅರ್ಧ ನಿಮಿಷ ನಿಲ್ಲಬೇಕು. ಬರಿಗಾಲಲ್ಲಿ ನಿಂತದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಶೂ ಆಗುತ್ತದೆ. ಮುಂಭಾಗ ಬೆರಳುಗಳು ಹರಡಿಕೊಳ್ಳುವಷ್ಟು ಅಗಲವಿರಬೇಕು, ಹಿಮ್ಮಡಿ ಮಾತ್ರ ಒಳಗೆ ಜಾರಬಾರದು.

ಶೂ ಬಿಟ್ಟು ಬರಿಗಾಲಲ್ಲೇ ಮಾಡಬಹುದಲ್ಲ ಎಂಬ ಪ್ರಶ್ನೆ ಸಹಜ. ಗರಡಿಮನೆಗಳಲ್ಲಿ ಪೈಲ್ವಾನರು ತಲೆಮಾರುಗಳಿಂದ ಬಸ್ಕಿ ಹೊಡೆದದ್ದು ಬರಿಗಾಲಲ್ಲೇ. ಆದರೆ ಆ ಬಸ್ಕಿಯಲ್ಲಿ ಹಿಮ್ಮಡಿ ನೆಲದಿಂದ ಏಳುತ್ತದೆ, ಭಾರ ಮುಂಗಾಲಿನ ಮೇಲೆ ಬರುತ್ತದೆ, ಹೆಗಲ ಮೇಲೆ ಬಾರ್‌ಬೆಲ್ ಇರುವುದಿಲ್ಲ. ಬಾರ್ ಸ್ಕ್ವಾಟ್‌ಗೆ ಅದನ್ನು ಮಾದರಿ ಮಾಡಿಕೊಳ್ಳುವಂತಿಲ್ಲ. ಬಾರ್ ಸ್ಕ್ವಾಟ್ ಅನ್ನೂ ಬರಿಗಾಲಲ್ಲಿ ಮಾಡಲು ಬರುತ್ತದೆ, ಸ್ಥಿರತೆಗೇನೂ ಕೊರತೆಯಾಗದು. ಅಡ್ಡಿ ಇರುವುದು ಬೇರೆ ಕಡೆ. ಹಲವು ಜಿಮ್‌ಗಳು ಒಪ್ಪುವುದಿಲ್ಲ, ಬೆವರಿದ ಅಂಗಾಲು ಜಾರುತ್ತದೆ, ಸಾಕ್ಸ್ ಮಾತ್ರ ಹಾಕಿದರೆ ಇನ್ನೂ ಜಾರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗಂತೂ ಬರಿಗಾಲು ಸಲ್ಲದು, ಆದ ಗಾಯ ಅವರಿಗೆ ತಿಳಿಯದೇ ಹೋಗಬಹುದು.

ಚಪ್ಪಟೆ ಅಟ್ಟೆಗೆ ಬದಲಾಯಿಸಿದ ಮೊದಲ ದಿನವೇ ಕೆಲವರಿಗೆ ಸ್ಕ್ವಾಟ್ ಸುಧಾರಿಸುವ ಬದಲು ಕೆಡುತ್ತದೆ. ಹಿಂದಿನ ವಾರ ಸಲೀಸಾಗಿ ಆಳಕ್ಕೆ ಇಳಿಯುತ್ತಿದ್ದವರು ಈಗ ಅರ್ಧಕ್ಕೇ ನಿಲ್ಲುತ್ತಾರೆ, ಇಲ್ಲವೇ ಹಿಮ್ಮಡಿ ಏಳುತ್ತದೆ, ಎದೆ ಮುಂದಕ್ಕೆ ಬಾಗುತ್ತದೆ. ಗಟ್ಟಿ ಅಟ್ಟೆ ತಮಗೆ ಆಗಿಬರುವುದಿಲ್ಲ ಎಂದುಕೊಂಡು ಅವರು ಮತ್ತೆ ಓಟದ ಶೂಗೆ ಮರಳುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಅಟ್ಟೆ ಮೆತ್ತಗಿದೆಯೇ ಗಟ್ಟಿಯೇ ಎಂಬುದು ಒಂದು, ಹಿಮ್ಮಡಿ ಎತ್ತರದಲ್ಲಿದೆಯೇ ಸಮವಾಗಿದೆಯೇ ಎಂಬುದು ಇನ್ನೊಂದು. ಓಟದ ಶೂ ಬಿಟ್ಟಾಗ ಮೆತ್ತನೆಯ ಜೊತೆಗೆ ಹಿಮ್ಮಡಿಯ ಎತ್ತರವೂ ಹೋಗುತ್ತದೆ. ಕೆಟ್ಟದ್ದರ ಜೊತೆ ಒಳ್ಳೆಯದೊಂದನ್ನೂ ಕಳೆದುಕೊಂಡಂತೆ.

ಹಿಮ್ಮಡಿಯ ಎತ್ತರ ಏಕೆ ಒಳ್ಳೆಯದು ಎಂಬುದಕ್ಕೆ ಉತ್ತರ ಪಾದದ ಕೀಲಿನಲ್ಲಿದೆ. ಕೆಳಗೆ ಕೂರುವಾಗ ಮೊಣಕಾಲು ಬೆರಳುಗಳ ಕಡೆಗೆ ಮುಂದಕ್ಕೆ ಸಾಗಬೇಕು. ಅದಕ್ಕೆ ಪಾದದ ಕೀಲು ಮಡಚಬೇಕು. ಮೀನಖಂಡ ಬಿಗಿಯಾಗಿದ್ದರೆ ಅಥವಾ ಕೀಲಿನ ರಚನೆಯೇ ತಡೆದರೆ ಮೊಣಕಾಲು ಒಂದು ಹಂತದಲ್ಲಿ ನಿಂತುಬಿಡುತ್ತದೆ. ಆಮೇಲೂ ಕೆಳಗಿಳಿಯಬೇಕಾದರೆ ಸೊಂಟ ಹಿಂದಕ್ಕೆ ಹೋಗಲೇಬೇಕು, ಸೊಂಟ ಹಿಂದಕ್ಕೆ ಹೋದಷ್ಟೂ ಭಾರವನ್ನು ಪಾದದ ನಡುವೆ ಉಳಿಸಿಕೊಳ್ಳಲು ಎದೆ ಮುಂದಕ್ಕೆ ಬಾಗಬೇಕು. ತೊಡೆ ಉದ್ದವಿರುವವರಲ್ಲಿ ಈ ಬಾಗು ಇನ್ನೂ ಹೆಚ್ಚು. ಎತ್ತರದ ಹಿಮ್ಮಡಿ ಕಾಲನ್ನು ಮೊದಲೇ ಮುಂದಕ್ಕೆ ವಾಲಿಸಿ ಕೀಲಿನ ಕೊರತೆಯನ್ನು ತುಂಬಿಕೊಡುತ್ತದೆ.

ಎಷ್ಟು ತುಂಬಿಕೊಡುತ್ತದೆ? ಹಿಮ್ಮಡಿಯಿಂದ ಹೆಬ್ಬೆರಳ ಬುಡಕ್ಕೆ 150 ಮಿ.ಮೀ. ದೂರವಿರುವ ಪಾದವನ್ನು ತೆಗೆದುಕೊಳ್ಳೋಣ. ಹಿಮ್ಮಡಿಯನ್ನು 20 ಮಿ.ಮೀ. ಎತ್ತರಿಸಿದರೆ ಪಾದ ಏಳರಿಂದ ಎಂಟು ಡಿಗ್ರಿ ಇಳಿಜಾರಾಗುತ್ತದೆ. ಅದೇ 40 ಸೆಂ.ಮೀ. ಉದ್ದದ ಕಾಲಿನಲ್ಲಿ ಮೊಣಕಾಲು ನಾಲ್ಕೈದು ಸೆಂ.ಮೀ. ಹೆಚ್ಚು ಮುಂದಕ್ಕೆ ಸಾಗಬಲ್ಲದು. 10 ಮಿ.ಮೀ. ಡ್ರಾಪ್ ಇರುವ ಓಟದ ಶೂ ಇದರ ಅರ್ಧದಷ್ಟನ್ನು ಕೊಡುತ್ತಿತ್ತು, ಹಿಮ್ಮಡಿಯ ಫೋಮ್ ಹೆಚ್ಚು ಕುಗ್ಗಿದರೆ ಅದಕ್ಕಿಂತಲೂ ಕಡಿಮೆ. ಕ್ಯಾನ್ವಾಸ್ ಶೂ ಏನನ್ನೂ ಕೊಡುವುದಿಲ್ಲ.

ತಮ್ಮ ಕೀಲು ಎಷ್ಟು ಮಡಚುತ್ತದೆ ಎಂಬುದನ್ನು ಗೋಡೆಯ ಮುಂದೆ ಯಾರೂ ಅಳೆದುಕೊಳ್ಳಬಹುದು. ಬರಿಗಾಲಲ್ಲಿ ಗೋಡೆಗೆ ಎದುರಾಗಿ ನಿಂತು, ಒಂದು ಪಾದ ಮುಂದಿಟ್ಟು, ಹಿಮ್ಮಡಿ ಏಳದಂತೆ ಮೊಣಕಾಲನ್ನು ಗೋಡೆಗೆ ತಾಗಿಸಬೇಕು. ತಾಗಿದರೆ ಪಾದವನ್ನು ಸ್ವಲ್ಪ ಹಿಂದೆ ಸರಿಸಿ ಮತ್ತೆ ತಾಗಿಸಬೇಕು. ಇನ್ನು ತಾಗದು ಎನ್ನುವ ಕಡೆ ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರವನ್ನು ಅಳೆಯಬೇಕು. 10 ಸೆಂ.ಮೀ. ಅಥವಾ ಹೆಚ್ಚು ಬಂದರೆ ಚಪ್ಪಟೆ ಅಟ್ಟೆಯಲ್ಲಿ ಕೂರಲು ಕೀಲು ಅಡ್ಡಿಯಾಗುವ ಸಂಭವ ಕಡಿಮೆ. 5–6 ಸೆಂ.ಮೀ.ಗೇ ನಿಂತರೆ ಆಳಕ್ಕೆ ಇಳಿಯುವಾಗ ಹಿಮ್ಮಡಿ ಏಳುವುದು ಹೆಚ್ಚುಕಡಿಮೆ ನಿಶ್ಚಿತ. ಎರಡು ಕಾಲುಗಳ ಅಳತೆ ಬೇರೆ ಬೇರೆ ಬಂದರೆ ಸ್ಕ್ವಾಟ್‌ನಲ್ಲಿ ಸೊಂಟ ಒಂದು ಕಡೆ ತಿರುಗುವುದಕ್ಕೆ ಅದೂ ಕಾರಣವಾಗಿರಬಹುದು.

ಈಗ ಒಬ್ಬರ ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅವರ ಗೋಡೆಯ ಅಳತೆ 6 ಸೆಂ.ಮೀ. ಕ್ಯಾನ್ವಾಸ್ ಶೂ ಹಾಕಿ 20 ಕೆ.ಜಿ.ಯ ಬರಿ ಬಾರ್ ಹೊತ್ತು ಕೂತರೆ ತೊಡೆ ನೆಲಕ್ಕೆ ಸಮವಾಗುವ ಮೊದಲೇ ಹಿಮ್ಮಡಿ ಏಳುತ್ತದೆ. ಎರಡೂ ಹಿಮ್ಮಡಿಗಳ ಕೆಳಗೆ ಒಂದೊಂದು ತೆಳ್ಳನೆಯ ಪ್ಲೇಟ್ ಇಟ್ಟು ಮತ್ತೆ ಮಾಡಿದಾಗ ಎದೆ ನೆಟ್ಟಗಿದ್ದು ಸಲೀಸಾಗಿ ಇಳಿದರೆ, ಕೊರತೆ ಇದ್ದದ್ದು ಪಾದದ ಕೀಲಿನಲ್ಲಿ ಎಂದು ಸಾಬೀತಾಯಿತು. ಅವರಿಗೆ ಬೇಕಾದದ್ದು ಗಟ್ಟಿಯಾದ, ಆದರೆ ಎತ್ತರದ ಹಿಮ್ಮಡಿ. ಪ್ಲೇಟ್ ಇಟ್ಟರೂ ಎದೆ ಮೊದಲಿನಂತೆಯೇ ಬಾಗಿದರೆ ಕಾರಣ ಸೊಂಟದಲ್ಲೋ, ಬೆನ್ನಿನಲ್ಲೋ, ಕಲಿತ ಕ್ರಮದಲ್ಲೋ ಇದೆ, ಶೂಗೆ ದುಡ್ಡು ಹಾಕುವುದು ವ್ಯರ್ಥ. ಪ್ಲೇಟ್‌ಗಳ ಈ ಪರೀಕ್ಷೆ ಬರಿ ಬಾರ್‌ಗೆ ಮಾತ್ರ. ಭಾರ ಹೆಚ್ಚಿದಾಗ ಪ್ಲೇಟ್ ಜಾರಿದರೆ ಅಪಾಯ.

ವೇಟ್‌ಲಿಫ್ಟಿಂಗ್ ಶೂ ಹುಟ್ಟಿದ್ದು ಈ ಅಗತ್ಯದಿಂದಲೇ. ಹಿಂದೆ ಬಹಳ ಮಂದಿ ಲಿಫ್ಟರ್‌ಗಳು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಹಾಕಿ ಬಾರ್‌ನ ಕೆಳಗೆ ನುಗ್ಗುತ್ತಿದ್ದರು. ಎರಡೂ ಕಾಲು ಸಮವಾಗಿಟ್ಟು ಪೂರ್ತಿ ಕೂರುವ ಶೈಲಿ ಗೆದ್ದಮೇಲೆ ಎತ್ತರದ, ಗಟ್ಟಿ ಹಿಮ್ಮಡಿಯ ಬೆಲೆ ಹೆಚ್ಚಿತು. ಮೊದಲು ಮರ ಅಥವಾ ಪದರ ಪದರ ತೊಗಲಿನಿಂದ ಮಾಡುತ್ತಿದ್ದ ಹಿಮ್ಮಡಿಯನ್ನು ಈಗ ಬಹುತೇಕ ಗಟ್ಟಿ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ, ಎತ್ತರ ಸುಮಾರು 20 ಮಿ.ಮೀ. ಪಾದದ ಮೇಲೆ ಅಡ್ಡಲಾಗಿ ಬಿಗಿಯುವ ಒಂದೆರಡು ಪಟ್ಟಿಗಳು ಪಾದ ಒಳಗೆ ಅಲುಗದಂತೆ ಹಿಡಿಯುತ್ತವೆ. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಅದರಲ್ಲಿ ಸ್ನ್ಯಾಚ್‌ನ ಪಾಲು 111 ಕೆ.ಜಿ. ತನ್ನ ಮೈತೂಕದ ಎರಡರಷ್ಟು ಹತ್ತಿರದ ಭಾರವನ್ನು ತಲೆಯ ಮೇಲೆ ಹಿಡಿದು ಪೂರ್ತಿ ಕೂರುವ ಆ ಭಂಗಿಯಲ್ಲಿ ಎದೆ ಸ್ವಲ್ಪ ಬಾಗಿದರೂ ಬಾರ್ ಮುಂದೆ ಬೀಳುತ್ತದೆ. ಈ ಶೂ ಅವರಿಗೆಲ್ಲ ಕೆಲಸದ ಸಲಕರಣೆ.

ಸಾಮಾನ್ಯ ಜಿಮ್‌ನ ಸ್ಕ್ವಾಟ್‌ಗೆ ಅದರಿಂದ ಎಷ್ಟು ಲಾಭ? 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ವೇಟ್‌ಲಿಫ್ಟಿಂಗ್ ಶೂ ಮತ್ತು ಓಟದ ಶೂಗಳನ್ನು ಹೋಲಿಸಿ, ಮೊದಲನೆಯದರಲ್ಲಿ ಎದೆ ಮುಂದಕ್ಕೆ ಬಾಗುವುದು ಕಡಿಮೆ ಎಂದು ಕಂಡುಕೊಂಡಿತು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಈ ವ್ಯತ್ಯಾಸ ಚಿಕ್ಕದಾಗಿ ಕಂಡಿದೆ. ಪಾದದ ಕೀಲು ಚೆನ್ನಾಗಿ ಮಡಚುವವರಿಗೆ ಎತ್ತರದ ಹಿಮ್ಮಡಿ ಕೊಡುವುದು ಕಡಿಮೆ ಎಂದು ಮೇಲಿನ ಲೆಕ್ಕವೇ ಹೇಳುತ್ತದೆ. ಮಾಡುವ ಸ್ಕ್ವಾಟ್‌ನ ಬಗೆಯೂ ಮುಖ್ಯ. ಬಾರ್ ಅನ್ನು ಕುತ್ತಿಗೆಯ ಬುಡದಲ್ಲಿ ಇಟ್ಟು ಅಥವಾ ಎದೆಯ ಮುಂದೆ ಹಿಡಿದು ನೆಟ್ಟಗೆ ಕೂರುವವರಿಗೆ ಎತ್ತರದ ಹಿಮ್ಮಡಿ ಒಗ್ಗುತ್ತದೆ. ಬಾರ್ ಅನ್ನು ಬೆನ್ನಿನ ಮೇಲೆ ಕೆಳಕ್ಕೆ ಇಟ್ಟು ಸೊಂಟವನ್ನು ಹಿಂದಕ್ಕೆ ತಳ್ಳಿ ಮಾಡುವ ಪವರ್‌ಲಿಫ್ಟರ್‌ಗಳಿಗೆ ಮೊಣಕಾಲು ಅಷ್ಟು ಮುಂದೆ ಸಾಗಬೇಕಿಲ್ಲ, ಅವರಲ್ಲಿ ಹಲವರು ಚಪ್ಪಟೆ ಅಟ್ಟೆಯನ್ನೇ ನೆಚ್ಚುತ್ತಾರೆ. ಮೊಣಕಾಲು ಮುಂದೆ ಸಾಗಿದಷ್ಟೂ ತೊಡೆಯ ಮುಂಭಾಗಕ್ಕೂ ಮೊಣಕಾಲಿಗೂ ಕೆಲಸ ಹೆಚ್ಚು. ಈಗಾಗಲೇ ಮೊಣಕಾಲು ನೋಯುತ್ತಿರುವವರು ಎತ್ತರದ ಹಿಮ್ಮಡಿ ಕೊಳ್ಳುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಡೆಡ್‌ಲಿಫ್ಟ್‌ಗೆ ಮಾತ್ರ ಎತ್ತರದ ಹಿಮ್ಮಡಿ ಸಾಮಾನ್ಯವಾಗಿ ತೊಡಕೇ. ಅಲ್ಲಿ ಬಾರ್ ನೆಲದಿಂದ ಏಳಬೇಕು. 45 ಸೆಂ.ಮೀ. ವ್ಯಾಸದ ದೊಡ್ಡ ಪ್ಲೇಟ್ ಹಾಕಿದಾಗ ಬಾರ್ ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ. ಶೂ ಎಷ್ಟು ದಪ್ಪವೋ ಅಷ್ಟು ಮನುಷ್ಯ ಮೇಲೆ ನಿಂತಂತೆ, ಬಾರ್ ಅಷ್ಟು ಕೆಳಗೆ ಹೋದಂತೆ. 30 ಮಿ.ಮೀ. ಅಟ್ಟೆ ಹಾಕಿದವರು ಪ್ರತಿ ಸಲವೂ ಮೂರು ಸೆಂ.ಮೀ. ಹೆಚ್ಚು ದೂರ ಎಳೆಯುತ್ತಾರೆ. ಸ್ಪರ್ಧೆಗಳಲ್ಲಿ ಕೆಲವರು ತೆಳ್ಳನೆಯ ಸ್ಲಿಪರ್ ಹಾಕಿ ಡೆಡ್‌ಲಿಫ್ಟ್ ಮಾಡುವುದು ಇದೇ ಕಾರಣಕ್ಕೆ.

ಒಂದೇ ಜೋಡಿ ಕೊಳ್ಳುವಷ್ಟು ಮಾತ್ರ ಅನುಕೂಲವಿದ್ದು ಟ್ರೆಡ್‌ಮಿಲ್ ಮೇಲೂ ಹೆಚ್ಚು ಓಡುವವರು ಓಟದ ಶೂ ಇಟ್ಟುಕೊಂಡು, ಸ್ಕ್ವಾಟ್‌ಗೆ ಹಳೆಯ ಕ್ಯಾನ್ವಾಸ್ ಜೋಡಿಯನ್ನು ಬ್ಯಾಗಿನಲ್ಲಿ ಒಯ್ಯುವುದು ಅಗ್ಗದ ದಾರಿ. ವೇಟ್‌ಲಿಫ್ಟಿಂಗ್ ಶೂನಲ್ಲಿ ಓಡುವಂತಿಲ್ಲ, ಅದು ಬಾಗುವುದೇ ಕಷ್ಟ. ಹತ್ತು ಕೆ.ಜಿ. ಡಂಬೆಲ್ ಹಿಡಿದು ಹತ್ತು ಹನ್ನೆರಡು ಸ್ಕ್ವಾಟ್ ಮಾಡುವವರಿಗೆ ಈ ಚರ್ಚೆಯೇ ಅನಗತ್ಯ, ಇದ್ದ ಶೂ ಸಾಕು. ಓಟದ ಶೂ ಹಾಕಿ ಸ್ಕ್ವಾಟ್ ಮಾಡಿದರೆ ಮೊಣಕಾಲು ಹಾಳಾಗುತ್ತದೆ ಎಂದು ಹೆದರಿಸುವುದಕ್ಕೂ ಗಟ್ಟಿ ಆಧಾರವಿಲ್ಲ. ಬಾರ್‌ನ ಭಾರ ಮೈತೂಕವನ್ನು ಸಮೀಪಿಸತೊಡಗಿದಾಗ ವ್ಯತ್ಯಾಸ ಅನುಭವಕ್ಕೆ ಬರುತ್ತದೆ. ಆಗ ಬದಲಾಯಿಸುವವರು ಹೊಸ ಶೂನಲ್ಲಿ ಮೊದಲ ಎರಡು ಮೂರು ವಾರ ಭಾರವನ್ನು ಒಂದಿಷ್ಟು ಇಳಿಸಿಕೊಳ್ಳಬೇಕು. ಹಿಮ್ಮಡಿಯ ಎತ್ತರ ಬದಲಾದರೆ ಕೂರುವ ಜಾಡು ಬದಲಾಗುತ್ತದೆ, ಮೀನಖಂಡ ಮತ್ತು ಪಾದದ ಸಣ್ಣ ಸ್ನಾಯುಗಳು ಮೊದಲಿಗಿಂತ ಹೆಚ್ಚು ಎಳೆತ ತಾಳಬೇಕಾಗುತ್ತದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಯ ಕೆಳಗೆ ಚುಚ್ಚಿದಂತೆ ನೋವು ಬಂದರೆ ಬದಲಾವಣೆ ಅತಿ ವೇಗವಾಯಿತೆಂದು ತಿಳಿದು ನಿಧಾನಿಸಬೇಕು. ಹಾಗೂ ನೋವು ಉಳಿದರೆ ವೈದ್ಯರಿಗೆ ತೋರಿಸಬೇಕು.